ಐವತ್ತು ಸಾವಿರದ ಒಂದು ರೂಪಾಯಿಯ ಬಿಲ್ಲು

ನಾನು ಪುತ್ತೂರಿನ ಒಂದು ಪಾತ್ರೆಯ ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ಲು ಮಾಡುವವಳು. ಹಾಗೆಂದರೆ ಜನ "ಓ, ಅಕೌಂಟೆಂಟಾ?" ಎಂದು ಕೇಳುತ್ತಾರೆ. ಅಲ್ಲ. ಅಕೌಂಟೆಂಟರು ತಿಂಗಳಿಗೊಮ್ಮೆ ಬಂದು, ಫ್ಯಾನಿನ ಕೆಳಗೆ ಕೂತು, ಆಗಿಹೋದ ತಪ್ಪುಗಳನ್ನು ಬೆರಳಿಟ್ಟು ತೋರಿಸುವವರು. ನಾನು ತಪ್ಪು ಆಗುವ ಜಾಗದಲ್ಲೇ ಕೂತವಳು. ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ಬರೆಯುತ್ತಿದ್ದ ಕಾಲದಿಂದ ಇವತ್ತಿನ ಕಂಪ್ಯೂಟರಿನ ತನಕ ಅದೇ ಮೇಜು, ಅದೇ ಕುರ್ಚಿ. ಕುರ್ಚಿಯ ಒಂದು ಕಾಲು ಮಾತ್ರ ಬದಲಾಗಿದೆ.

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ನಮ್ಮ ಧಣಿಗಳ ಜೊತೆ ಇಷ್ಟು ವರ್ಷ ಕೆಲಸ ಮಾಡಿ ಸಿಟ್ಟು ಬಾರದೆ ಉಳಿದವರು ಯಾರಾದರೂ ಇದ್ದರೆ ಅವರ ಕಾಲಿಗೆ ಬೀಳಬೇಕು. ಧಣಿಗಳಿಗೆ ಎಪ್ಪತ್ತು ದಾಟಿದೆ. ಒಳ್ಳೆಯವರು. ಸಂಬಳ ಒಂದು ದಿನ ತಡವಾದದ್ದಿಲ್ಲ, ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ಊಟದ ಬುತ್ತಿ ಕಳಿಸಿದವರು. ಅವರ ತೊಂದರೆ ಒಂದೇ. ಅವರು ಅರ್ಧ ವ್ಯಾಪಾರವನ್ನು ಪಂಚಾಂಗ ನೋಡಿ ಮಾಡುತ್ತಾರೆ, ಉಳಿದರ್ಧವನ್ನು ಜನರ ಕೈಗುಣ ನೋಡಿ ಮಾಡುತ್ತಾರೆ.

ಕೈಗುಣವೆಂದರೆ ಪಂಜದ ಅಕ್ಕ. ಪಂಜದಲ್ಲಿ ಒಂದು ಪಾತ್ರೆ ಅಂಗಡಿ ಇಟ್ಟುಕೊಂಡಿರುವ ಹೆಂಗಸು, ಧಣಿಗಳಿಗಿಂತ ಇಪ್ಪತ್ತು ವರ್ಷಕ್ಕೆ ಸಣ್ಣವರು. ಗಂಡ ತೀರಿಹೋದ ಮೇಲೆ ಅಂಗಡಿ ಮುಚ್ಚುತ್ತಾರೆ ಎಂದು ಎಲ್ಲರೂ ಅಂದುಕೊಂಡರೆ, ಅವರು ಪಕ್ಕದ ಕೋಣೆಯನ್ನೂ ಬಾಡಿಗೆಗೆ ಹಿಡಿದು ದೊಡ್ಡದು ಮಾಡಿದರು. ಒಂದು ವರ್ಷ ದೀಪಾವಳಿಯ ಅಂಗಡಿ ಪೂಜೆಯ ದಿನ ಮೊದಲ ಬಿಲ್ಲು ಆಕಸ್ಮಿಕವಾಗಿ ಅವರ ಹೆಸರಿನಲ್ಲಿ ಆಯಿತು. ಆ ವರ್ಷ ವ್ಯಾಪಾರ ಏರಿತು. ಅಲ್ಲಿಂದ ಮುಂದೆ ಪೂಜೆಯ ಮೊದಲ ಬಿಲ್ಲು ಪಂಜದ ಅಕ್ಕನಿಗೇ. ದೇವರ ಎದುರು ಲೆಕ್ಕದ ಪುಸ್ತಕ, ಈಗ ಪುಸ್ತಕದ ಬದಲು ಕೀಬೋರ್ಡು, ಅದಕ್ಕೊಂದು ಅಡಿಕೆ ಹೂ. ಪುರೋಹಿತರು ಮಂಗಳಾರತಿ ಎತ್ತಿದಾಗ ನಾನು ಬಿಲ್ಲು ಒತ್ತಬೇಕು. ಮಾಲು ಮರುದಿನ ಬೆಳಿಗ್ಗೆ ಪಿಕಪ್ಪಿನಲ್ಲಿ ಹೋಗುತ್ತದೆ.

ಕಾರ್ಬನ್ ಹಾಳೆಯ ಕಾಲದಲ್ಲಿ ಇದರಲ್ಲಿ ಯಾವ ತೊಂದರೆಯೂ ಇರಲಿಲ್ಲ. ತಪ್ಪಾದರೆ ಗೀಟು ಹಾಕಿ, ಮೇಲೆ ಸಣ್ಣಕ್ಷರದಲ್ಲಿ ಸರಿ ಬರೆದು, ಕೆಳಗೆ ನನ್ನ ರುಜು. ದೇವರಿಗೂ ಬೇಸರವಿಲ್ಲ, ಅಕ್ಕನಿಗೂ ಬೇಸರವಿಲ್ಲ.

ಆಮೇಲೆ ನಮ್ಮ ವರ್ಷದ ವಹಿವಾಟು ಐದು ಕೋಟಿ ದಾಟಿತು. ಧಣಿಗಳು ಸಂತೋಷದಲ್ಲಿ ಎಲ್ಲರಿಗೂ ಹೋಳಿಗೆ ಹಂಚಿದರು. ಹೋಳಿಗೆ ಜೀರ್ಣವಾಗುವ ಮೊದಲೇ ಅಕೌಂಟೆಂಟರು ಬಂದು, ಇನ್ನು ಮುಂದೆ ಅಂಗಡಿಯವರಿಗೆ ಮಾಡುವ ಪ್ರತಿಯೊಂದು ಬಿಲ್ಲೂ ಇ-ಇನ್‌ವಾಯ್ಸ್ ಆಗಬೇಕು ಎಂದರು. ಅಂದರೆ ನಾನು ಮಾಡಿದ ಬಿಲ್ಲು ಮೊದಲು ಸರಕಾರದ ಪೋರ್ಟಲಿಗೆ ಹೋಗಿ, ಅಲ್ಲಿಂದ ಅರವತ್ತನಾಲ್ಕು ಅಕ್ಷರ-ಅಂಕಿಗಳ ಒಂದು ನಂಬರನ್ನೂ ಚೌಕದ ಒಂದು ಕ್ಯೂಆರ್ ಮುದ್ರೆಯನ್ನೂ ಹಾಕಿಸಿಕೊಂಡು ಬರಬೇಕು. ಆ ನಂಬರಿಗೆ ಐಆರ್‌ಎನ್ ಎನ್ನುತ್ತಾರೆ. ಅದಿಲ್ಲದ ಬಿಲ್ಲು ಬಿಲ್ಲೇ ಅಲ್ಲ. ಒಮ್ಮೆ ಬಂತೆಂದರೆ ಅದರಲ್ಲಿ ಒಂದು ಕೊಂಬು, ಒಂದು ಸೊನ್ನೆ ತಿದ್ದುವ ಹಾಗಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಇಡೀ ಬಿಲ್ಲನ್ನು ರದ್ದು ಮಾಡಬಹುದು, ಅಷ್ಟೇ. ರದ್ದಾದ ಬಿಲ್ಲಿನ ನಂಬರನ್ನು ಇನ್ನೊಂದಕ್ಕೆ ಕೊಡಲಿಕ್ಕೂ ಇಲ್ಲ.

"ಮುಂದಿನ ವರ್ಷ ಐದು ಕೋಟಿಗಿಂತ ಕಡಿಮೆ ಮಾಡಿದ್ರೆ ಇದು ಹೋಗ್ತದಾ?" ಎಂದು ಧಣಿಗಳು ಕೇಳಿದರು.

"ಇಲ್ಲ. ಒಮ್ಮೆ ದಾಟಿದ್ರೆ ದಾಟಿದ್ದೇ," ಎಂದರು ಅಕೌಂಟೆಂಟರು.

ಧಣಿಗಳಿಗೆ ಹೋಳಿಗೆಯ ಖರ್ಚು ನೆನಪಾಗಿರಬೇಕು. ಮುಖ ಹುಳ್ಳಗಾಯಿತು.

ಇನ್ನೊಂದು ಇ-ವೇ ಬಿಲ್ಲು. ಇದು ಮಾಲಿನ ಬಿಲ್ಲಲ್ಲ, ಮಾಲು ರಸ್ತೆಗೆ ಇಳಿಯುವುದಕ್ಕೆ ರಹದಾರಿ. ತೆರಿಗೆ ಸೇರಿ ಮಾಲಿನ ಮೊತ್ತ ಐವತ್ತು ಸಾವಿರ ಮೀರಿದರೆ ಗಾಡಿ ಹೊರಡುವ ಮೊದಲೇ ಅದನ್ನು ಮಾಡಬೇಕು. ಐವತ್ತು ಸಾವಿರಕ್ಕೆ ಸರಿಯಾಗಿ ನಿಂತರೆ ಬೇಡ, ಮೀರಿದರೆ ಬೇಕು. ಬೇರೆ ಲೋಡುಗಳಿಗೆಲ್ಲ ನಾನು ದಿನಾ ಮಾಡುತ್ತೇನೆ, ಎರಡು ನಿಮಿಷದ ಕೆಲಸ. ಆದರೆ ಪೂಜೆಯ ಬಿಲ್ಲಿಗೆ ಮಾತ್ರ ಧಣಿಗಳು ಅದನ್ನು ಮಾಡಗೊಡುವುದಿಲ್ಲ. "ಲಕ್ಷ್ಮಿ ಮನೆಯಿಂದ ಹೊರಡುವಾಗ ಪರ್ಮಿಟ್ ಕೇಳುದಾ?" ಎನ್ನುವುದು ಅವರ ವಾದ. ಅದಕ್ಕಾಗಿ ಪ್ರತಿ ವರ್ಷ ಪೂಜೆಯ ಬಿಲ್ಲನ್ನು ಐವತ್ತು ಸಾವಿರದ ಒಳಗೇ ಇಡುತ್ತಿದ್ದೆವು. ಅಕ್ಕನ ಬೇಡಿಕೆಯೂ ಮೂವತ್ತು, ಮೂವತ್ತೈದರ ಆಚೆ ಹೋದದ್ದಿಲ್ಲ.

ಈ ಕಥೆ ನಡೆದ ವರ್ಷ ಮಾತ್ರ ಆಚೆ ಹೋಯಿತು. ಸುಬ್ರಹ್ಮಣ್ಯದಲ್ಲಿ ಒಂದು ಹೊಸ ಲಾಡ್ಜು, ಮೂವತ್ತು ಕೋಣೆ. ಒಂದೊಂದು ಕೋಣೆಗೆ ಎರಡು ಸ್ಟೀಲಿನ ಬಾಲ್ದಿ, ಎರಡು ಚೊಂಬು. ಅದರ ಯಜಮಾನರು ಇಷ್ಟು ದಿನ ಏನು ಬೇಕಾದರೂ ಮಂಗಳೂರಿನಿಂದಲೇ ತರಿಸುತ್ತಿದ್ದವರು. ಅಕ್ಕ ಅವರ ಬಾಗಿಲಿಗೆ ನಾಲ್ಕು ಸಲ ಹೋಗಿ, ಲಾಡ್ಜಿನ ಹೆಸರನ್ನು ಒಂದೊಂದು ಬಾಲ್ದಿಯ ಮೇಲೂ ಕೆತ್ತಿ ಕೊಡುತ್ತೇನೆ ಎಂದು ಹೇಳಿ ಆರ್ಡರು ಹಿಡಿದಿದ್ದರು. ಲಾಡ್ಜಿನ ಗೃಹಪ್ರವೇಶ ನಮ್ಮ ಪೂಜೆಯ ಮೂರನೇ ದಿನ ಬೆಳಿಗ್ಗೆ. ನಮ್ಮ ಲೋಡು ಪೂಜೆಯ ಮರುದಿನ ಹತ್ತೂವರೆಗೆ ಪಂಜ ಮುಟ್ಟಿದರೆ ಕೆತ್ತುವವನು ಸಂಜೆಯೊಳಗೆ ಅರವತ್ತು ಬಾಲ್ದಿ ಮುಗಿಸುತ್ತಾನೆ.

"ಇದು ಸರಿಯಾಗಿ ಆದ್ರೆ ಸುಬ್ರಹ್ಮಣ್ಯದ ಲಾಡ್ಜ್‌ನವರೆಲ್ಲ ನನ್ನ ಹತ್ರ ಬರ್ತಾರೆ ಮಾರಾಯ್ತಿ," ಎಂದು ಅಕ್ಕ ನನಗೆ ಫೋನಿನಲ್ಲಿ ಹೇಳಿದ್ದರು. "ಆಗದಿದ್ರೆ ಆ ಜನ ಪುನಃ ಮಂಗಳೂರಿಗೇ ಹೋಗುದು. ಎರಡನೇ ಸಲ ನನ್ನನ್ನು ಮೆಟ್ಟಿಲು ಹತ್ತಿಸುದಿಲ್ಲ."

ನಾನು ಧೈರ್ಯ ಹೇಳಿದೆ. ಇಷ್ಟು ವರ್ಷದಲ್ಲಿ ನಮ್ಮ ಪೂಜೆಯ ಲೋಡು ತಡವಾದದ್ದುಂಟಾ ಎಂದು ಕೇಳಿದೆ. ಈಗ ನೆನೆದರೆ ಆ ಮಾತಿಗೆ ನನಗೇ ನಾಚಿಕೆಯಾಗುತ್ತದೆ.

ಅರವತ್ತು ಬಾಲ್ದಿ, ಅರವತ್ತು ಚೊಂಬು, ಲೆಕ್ಕ ಹಾಕಿದರೆ ಐವತ್ತೆರಡು ಸಾವಿರ ಚಿಲ್ಲರೆ. ಧಣಿಗಳು ಅಕ್ಕನಿಗೆಂದು ದರ ಇಳಿಸಿ ಇಳಿಸಿ, ತೆರಿಗೆ ಸೇರಿ ಸರಿಯಾಗಿ ಐವತ್ತು ಸಾವಿರಕ್ಕೆ ತಂದು ನಿಲ್ಲಿಸಿದರು. ಎರಡು ಸಾವಿರ ಬಿಟ್ಟದ್ದು ಅಕ್ಕನ ಮೇಲಿನ ಪ್ರೀತಿಗೋ, ಇ-ವೇ ಬಿಲ್ಲಿನ ಮೇಲಿನ ಸಿಟ್ಟಿಗೋ, ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಬಿಲ್ಲು ತಯಾರು ಮಾಡಿ, ಇ-ವೇ ಬೇಡ ಎಂದು ಗುರುತು ಹಾಕಿ, ಪೂಜೆಗೆ ಕಾದು ಕೂತೆ.

ಸಂಜೆ ಆರು ನಲವತ್ತಕ್ಕೆ ಮಂಗಳಾರತಿ. ಪುರೋಹಿತರ ಗಂಟೆ ಶುರುವಾಯಿತು. ನನ್ನ ಬೆರಳು ಗುಂಡಿಯ ಮೇಲೆ. ಆಗ ಹಿಂದಿನಿಂದ ಧಣಿಗಳು ಬಗ್ಗಿ ಪರದೆ ನೋಡಿದರು.

"ಎಂತ ಇದು? ಇಷ್ಟು ಸೊನ್ನೆ? ದೀಪಾವಳಿಯ ಮೊದಲ ಬಿಲ್ಲು ಸೊನ್ನೆಯಲ್ಲಿ ಮುಗಿಯುದಾ? ಒಂದು ಸೇರಿಸು."

ನಮ್ಮಲ್ಲಿ ಮದುವೆಯ ಮುಯ್ಯಿ ಕೊಟ್ಟರೆ ನೂರ ಒಂದು, ಐನೂರ ಒಂದು. ಸೊನ್ನೆಯಲ್ಲಿ ನಿಂತರೆ ಅಲ್ಲಿಗೇ ಮುಗಿಯಿತು, ಒಂದು ಸೇರಿದರೆ ಬೆಳೆಯುತ್ತದೆ ಎಂದು ಲೆಕ್ಕ. ನಾನೂ ಹಾಗೆಯೇ ಮುಯ್ಯಿ ಬರೆಸುವವಳು. ಅದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಗಂಟೆ ಬಡಿಯುತ್ತಿದೆ, ಕರ್ಪೂರ ಉರಿಯುತ್ತಿದೆ, ಧಣಿಗಳು ಬೆನ್ನ ಹಿಂದೆ "ಬೇಗ, ಬೇಗ" ಎನ್ನುತ್ತಿದ್ದಾರೆ. ರೌಂಡ್ ಆಫ್ ಎಂಬ ಜಾಗದಲ್ಲಿ ಒಂದು ರೂಪಾಯಿ ಹಾಕಿದೆ. ಒತ್ತಿದೆ. ಐಆರ್‌ಎನ್ ಬಂತು, ಕ್ಯೂಆರ್ ಬಂತು, ಐವತ್ತು ಸಾವಿರದ ಒಂದು ರೂಪಾಯಿ. ಧಣಿಗಳು ಬಿಲ್ಲಿಗೆ ಅರಿಶಿನ ಹಚ್ಚಿ ದೇವರ ಎದುರು ಇಟ್ಟರು. ನಾನು ಪಂಚಕಜ್ಜಾಯ ತಿಂದು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಪಿಕಪ್ ಲೋಡಾಗಿ, ಹಗ್ಗ ಬಿಗಿದು ನಿಂತಿತ್ತು. ಡ್ರೈವರಿಗೆ ಕೊಡಲು ದೇವರ ಎದುರಿನಿಂದ ಬಿಲ್ಲು ತೆಗೆದುಕೊಂಡೆ. ಅರಿಶಿನದ ನಡುವೆ ಮೊತ್ತ ಕಂಡಿತು. ಐವತ್ತು ಸಾವಿರ ಮೀರಿತ್ತು. ಮೀರಿದ್ದು ಒಂದು ರೂಪಾಯಿ, ಆದರೆ ಕಾನೂನಿನಲ್ಲಿ ಎಷ್ಟು ಮೀರಿತು ಎಂಬ ಪ್ರಶ್ನೆ ಇಲ್ಲ.

"ಧಣಿ, ಇದಕ್ಕೆ ಇ-ವೇ ಬೇಕು," ಎಂದೆ.

"ಪೂಜೆಯ ಬಿಲ್ಲಿಗಾ? ಬೇಡ."

"ಹಾಗಾದ್ರೆ ಈ ಬಿಲ್ಲು ಕ್ಯಾನ್ಸಲ್ ಮಾಡುವ. ಇವತ್ತು ಸಂಜೆ ಆರು ನಲವತ್ತರ ತನಕ ಸಮಯ ಉಂಟು. ಐವತ್ತು ಸಾವಿರಕ್ಕೇ ಹೊಸತು ಮಾಡ್ತೇನೆ."

ನಾನು ಅವರ ಮನೆ ದೇವರನ್ನು ಗುಜರಿಗೆ ಹಾಕುವ ಎಂದಿದ್ದರೂ ಅವರು ಅಷ್ಟು ಬೆಚ್ಚುತ್ತಿರಲಿಲ್ಲ. "ವರ್ಷದ ಮೊದಲ ಬಿಲ್ಲು ಕ್ಯಾನ್ಸಲ್? ಬಾಯಲ್ಲಿ ಒಳ್ಳೆ ಮಾತು ಬರ್ಲಿ ಮಾರಾಯ್ತಿ. ಇಡೀ ವರ್ಷದ ವ್ಯಾಪಾರ ಕ್ಯಾನ್ಸಲ್ ಆದ ಹಾಗೆ."

ಅಲ್ಲಿಂದ ಚರ್ಚೆ ಶುರುವಾಯಿತು. ಧಣಿಗಳ ಮೊದಲ ಉಪಾಯ, ಅಕ್ಕನಿಗೆ ಒಂದು ರೂಪಾಯಿಯ ನಾಣ್ಯ ವಾಪಸು ಕೊಟ್ಟುಬಿಡುವುದು. ಕೊಟ್ಟರೂ ಬಿಲ್ಲಿನ ಮೊತ್ತ ಬದಲಾಗುವುದಿಲ್ಲ ಎಂದೆ. ಎರಡನೆಯದು, ಪೆನ್ನಿನಿಂದ ಒಂದನ್ನು ಸೊನ್ನೆ ಮಾಡುವುದು. ಕ್ಯೂಆರ್ ಸ್ಕ್ಯಾನ್ ಮಾಡಿದರೆ ನಿಜ ಮೊತ್ತ ಪರದೆಯ ಮೇಲೆ ಬರುತ್ತದೆ ಎಂದೆ. ಡ್ರೈವರಣ್ಣ ಬಾಯಿ ಹಾಕಿ, "ಒಂದು ಚೊಂಬು ಇಳಿಸಿ ಬಸ್ಸಿನಲ್ಲಿ ಕಳಿಸುವ ಅಕ್ಕ, ಗಾಡಿಯಲ್ಲಿ ಕಡಿಮೆ ಆಗ್ತದಲ್ಲ," ಎಂದ. ಬಿಲ್ಲು ಒಂದೇ, ಅದರ ಮಾಲನ್ನು ಹಂಚಿ ಕಳಿಸಿದರೂ ಮೊತ್ತ ಅದೇ ಎಂದೆ. ಅವನು ಬೇಸರದಿಂದ ಚಾ ಕುಡಿಯಲು ಹೋದ. ಧಣಿಗಳು ಪುರೋಹಿತರಿಗೆ ಫೋನು ಮಾಡಿದರು. ಪುರೋಹಿತರು ಇನ್ನೊಂದು ಅಂಗಡಿಯ ಪೂಜೆಯಲ್ಲಿದ್ದರು, ಒಂದು ಗಂಟೆ ಬಿಟ್ಟು ಮಾಡುತ್ತೇನೆ ಎಂದರು. ಧಣಿಗಳು ಕಾಯುವ ಎಂದರು.

ಒಂಬತ್ತೂವರೆಗೆ ಅಕ್ಕನ ಫೋನು. "ಹೊರಟಿತಾ?"

"ಈಗ ಹೊರಡ್ತದೆ ಅಕ್ಕ."

ಹತ್ತೂಕಾಲಿಗೆ ಪುನಃ. "ಎಲ್ಲಿಗೆ ಮುಟ್ಟಿತು?"

ಎರಡನೇ ಸಲ ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಇಲ್ಲೇ ಉಂಟು. ಒಂದು ರೂಪಾಯಿ ಹೆಚ್ಚಾಗಿದೆ."

"ಎಂತ ಹೆಚ್ಚಾಗಿದೆ?"

ವಿವರಿಸಿದೆ. "ಆ ಒಂದು ರೂಪಾಯಿ ನಾನು ದೇವಸ್ಥಾನದ ಹುಂಡಿಗೆ ಹಾಕ್ತೇನೆ ಅಂತ ಹೇಳಿ ಧಣಿಗಳಿಗೆ," ಎಂದರು ಅಕ್ಕ. "ಕೆತ್ತುವವ ಮೆಷಿನ್ ಹಿಡಿದುಕೊಂಡು ಕೂತಿದ್ದಾನೆ. ಲಾಡ್ಜಿನವರು ಹನ್ನೆರಡು ಗಂಟೆಗೆ ನೋಡ್ಲಿಕ್ಕೆ ಬರ್ತಾರೆ. ಬೇಗ ಕಳಿಸಿ."

ಪುರೋಹಿತರ ಉತ್ತರ ಬಂದದ್ದು ಹನ್ನೊಂದೂವರೆಗೆ. ಬಿಲ್ಲು ರದ್ದು ಮಾಡುವುದು ಒಳ್ಳೆಯದಲ್ಲ, ಪರ್ಮಿಟು ಮಾಡುವುದಕ್ಕೆ ದೋಷವೇನಿಲ್ಲ, ಲಕ್ಷ್ಮಿಗೂ ವಾಹನ ಉಂಟಲ್ಲ, ಎಂದರು. ಬೆಳಿಗ್ಗೆ ಎಂಟೂವರೆಗೆ ನಾನು ಮೊದಲು ಹೇಳಿದ್ದೂ ಅದೇ. ಆದರೆ ನನ್ನ ಹೆಗಲಿನ ಮೇಲೆ ಶಾಲಿರಲಿಲ್ಲ.

ಸಿಟ್ಟಿನಲ್ಲಿ ಕೀಬೋರ್ಡು ಕುಟ್ಟಿ ಎರಡು ನಿಮಿಷದಲ್ಲಿ ಇ-ವೇ ಬಿಲ್ಲು ಮಾಡಿದೆ. ಬಿಲ್ಲಿನ ಐಆರ್‌ಎನ್ ಕೊಟ್ಟರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ, ನಾನು ಹಾಕಬೇಕಾದದ್ದು ದೂರ ಮತ್ತು ಗಾಡಿಯ ನಂಬರು. ಪಂಜಕ್ಕೆ ನಲವತ್ತು ಕಿಲೋಮೀಟರ್ ಒಳಗೇ. ಇನ್ನೂರು ಕಿಲೋಮೀಟರಿನ ತನಕ ಒಂದು ದಿನದ ಅವಧಿ, ಮರುದಿನ ಮಧ್ಯರಾತ್ರಿಯವರೆಗೆ ನಡೆಯುತ್ತದೆ. ಪ್ರಿಂಟು ಕೈಗೆ ಕೊಟ್ಟರೆ ಡ್ರೈವರಣ್ಣ ಓದಿ, ತಲೆ ಕೆರೆದುಕೊಂಡ.

"ಅಕ್ಕ, ಇದು ಹಳೇ ಪಿಕಪ್ಪಿನ ನಂಬರು. ಅದು ಗ್ಯಾರೇಜಿನಲ್ಲಿ ಉಂಟು."

ಹಳೆಯ ಗಾಡಿಯ ನಂಬರು ನನಗೆ ಬಾಯಿಪಾಠ. ಸಿಟ್ಟಿನಲ್ಲಿ ಕೈ ಅದನ್ನೇ ಬರೆದಿತ್ತು. ಧಣಿಗಳಿಗೆ ಹೊಸ ಹುರುಪು ಬಂತು. "ನೋಡಿದಿಯಾ, ತಪ್ಪು ಸುರು ಆಯ್ತು. ಇನ್ನು ಇದನ್ನೂ ಕ್ಯಾನ್ಸಲ್ ಮಾಡ್ಬೇಕಾ?"

"ಬೇಡ. ಗಾಡಿಯ ನಂಬರು ಎಷ್ಟು ಸಲ ಬೇಕಾದ್ರೂ ಬದಲಿಸ್ಬಹುದು. ಮಾಲು, ಮೊತ್ತ, ಪಾರ್ಟಿ ಮಾತ್ರ ಬದಲಿಸ್ಲಿಕ್ಕೆ ಆಗುದಿಲ್ಲ."

"ಓ, ಮದುವೆಯ ಹಾಗೆ," ಎಂದ ಡ್ರೈವರಣ್ಣ. "ದಿಬ್ಬಣದ ಬಸ್ಸು ಬದಲಿಸ್ಬಹುದು, ಮದುಮಗಳನ್ನು ಬದಲಿಸ್ಲಿಕ್ಕೆ ಇಲ್ಲ."

ನನಗೂ ನಗು ಬಂತು. ನಂಬರು ಬದಲಿಸಿ, ಹೊಸ ಪ್ರಿಂಟು ಕೊಟ್ಟು, ಪಿಕಪ್ ಹೊರಟಾಗ ಹನ್ನೆರಡು ಗಂಟೆ ಹತ್ತು ನಿಮಿಷ. ಎರಡು ನಿಮಿಷದ ಕೆಲಸಕ್ಕೆ ಮೂರೂವರೆ ಗಂಟೆ ಹಿಡಿದಿತ್ತು.

ಕಾಣಿಯೂರು ದಾಟುವ ಮೊದಲು ತೆರಿಗೆಯವರ ಜೀಪು ಗಾಡಿಯನ್ನು ನಿಲ್ಲಿಸಿತು. ಈ ಕಥೆಯನ್ನು ಡ್ರೈವರಣ್ಣ ಆಮೇಲೆ ಹತ್ತು ಸಲ ಹೇಳಿದ್ದಾನೆ. ಅಧಿಕಾರಿ ಸಭ್ಯರು. ಬಿಲ್ಲಿನ ಕ್ಯೂಆರ್ ಸ್ಕ್ಯಾನ್ ಮಾಡಿದರು, ಬಾಲ್ದಿ ಎಣಿಸಿದರು, ಇ-ವೇ ಬಿಲ್ಲಿನ ನಂಬರನ್ನು ತಮ್ಮ ಮೊಬೈಲಿನಲ್ಲಿ ಹಾಕಿ ಪರಿಶೀಲಿಸಿದರು. ಎಲ್ಲ ಸರಿ. ಕೊನೆಗೆ ಮೊತ್ತ ನೋಡಿ, "ಒಂದು ರೂಪಾಯಿಗೋಸ್ಕರ ಇ-ವೇ ಮಾಡಿದವರು ಯಾರು?" ಎಂದು ಕೇಳಿದರಂತೆ.

"ನಮ್ಮ ಬಿಲ್ಲಿನ ಅಕ್ಕ."

"ಒಳ್ಳೆ ಕೆಲಸ ಮಾಡಿದ್ರು. ಇಲ್ಲದಿದ್ರೆ ಗಾಡಿ ಇವತ್ತು ಇಲ್ಲೇ ಉಳೀತಿತ್ತು. ತೆರಿಗೆಯ ಎರಡು ಪಟ್ಟು ದಂಡ ಕಟ್ಟಿ ಬಿಡಿಸಿಕೊಳ್ಬೇಕಿತ್ತು."

ಡ್ರೈವರಣ್ಣ ಫೋನು ಮಾಡಿ ಇದನ್ನು ಹೇಳಿದಾಗ ನಾನು ಧಣಿಗಳ ಎದುರು ಸ್ಪೀಕರ್ ಹಾಕಿಯೇ ಕೇಳಿಸಿದೆ. ಎರಡನೇ ಸಲ ಹೇಳು, ಸರಿ ಕೇಳಲಿಲ್ಲ, ಎಂದೂ ಹೇಳಿದೆ. ನನಗೆ ಆಗ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮಧ್ಯಾಹ್ನದ ಬುತ್ತಿಯ ಅನ್ನಕ್ಕೆ ಅವತ್ತು ಉಪ್ಪಿನಕಾಯಿಯೂ ಬೇಕಾಗಲಿಲ್ಲ.

ಗಾಡಿ ಪಂಜ ಮುಟ್ಟಿದ್ದು ಎರಡು ಗಂಟೆಗೆ. ಮೂರೂಕಾಲಿಗೆ ಅಕ್ಕನ ಫೋನು ಬಂತು. ಸಾಧಾರಣವಾಗಿ ಗಟ್ಟಿ ದನಿಯವರು. ಆ ದಿನ ಮೆಲ್ಲಗೆ ಮಾತಾಡಿದರು.

"ಲಾಡ್ಜಿನವರು ಹನ್ನೆರಡಕ್ಕೆ ಬಂದು ನೋಡಿ ಹೋಗಿದ್ರು. ಬಾಲ್ದಿಯ ಜಾಗ ಖಾಲಿ. ಮಾತಾಡ್ಲಿಲ್ಲ. ಈಗ ಫೋನು ಮಾಡಿದ್ರು. ಭಾವನ ಕಾರು ಮಂಗಳೂರಿಂದ ಬರುದಿತ್ತಂತೆ, ಅದರಲ್ಲೇ ಬಾಲ್ದಿ ತರಿಸಿ ಆಯ್ತಂತೆ."

"ಕೆತ್ತಿದ್ದು ಎಷ್ಟಾಗಿದೆ ಅಕ್ಕ?"

"ಹದಿನೇಳು."

ಧಣಿಗಳು ಎದುರಿಗೇ ಇದ್ದರು. ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಖ ಸಣ್ಣದಾಯಿತು. ಬೆಳಿಗ್ಗೆಯ ಮೂರೂವರೆ ಗಂಟೆ ಯಾರದ್ದು ಎಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ. "ಆ ಬಿಲ್ಲು ಕ್ಯಾನ್ಸಲ್ ಮಾಡು," ಎಂದರು.

ನಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನವಾಯಿತು.

"ಪೂಜೆಯ ಬಿಲ್ಲು ಧಣಿ."

"ಗೊತ್ತುಂಟು. ಆರು ನಲವತ್ತರ ತನಕ ಸಮಯ ಉಂಟು ಅಂತ ನೀನೇ ಹೇಳಿದ್ದಲ್ವಾ? ಈಗ ಮೂರೂವರೆ. ಅವಳ ಮೇಲೆ ಆ ಬಿಲ್ಲು ಒಂದು ದಿನವೂ ಇರುದು ಬೇಡ. ಮಾಡು."

ಅವರ ಕೈಗುಣ, ಪಂಚಾಂಗ ಎಲ್ಲ ಒಂದು ಮಾತಿನಲ್ಲಿ ಹೋಯಿತು. ಇಷ್ಟು ವರ್ಷದಲ್ಲಿ ಆ ಮನುಷ್ಯನ ಮೇಲೆ ನನಗೆ ಅಷ್ಟು ಗೌರವ ಬಂದದ್ದು ಅದೇ ಮೊದಲು. ಕಣ್ಣಿನಲ್ಲಿ ನೀರು ಬಂತು. ಬೇಗ ಬೇಗ ಪೋರ್ಟಲ್ ತೆರೆದು ರದ್ದು ಒತ್ತಿದೆ. ಆಗುವುದಿಲ್ಲ ಎಂದಿತು. ಇ-ವೇ ಬಿಲ್ಲು ಜೀವಂತ ಇರುವಾಗ ಇನ್‌ವಾಯ್ಸ್ ರದ್ದಾಗುವುದಿಲ್ಲ, ಮೊದಲು ಇ-ವೇ ರದ್ದು ಮಾಡಬೇಕು. ಅದು ನನಗೆ ಗೊತ್ತಿದ್ದದ್ದೇ, ಅವಸರದಲ್ಲಿ ಮರೆತಿದ್ದೆ. ಇ-ವೇಗೂ ಇಪ್ಪತ್ತನಾಲ್ಕು ಗಂಟೆಯ ಸಮಯ ಉಂಟು, ಮಾಡಿ ನಾಲ್ಕು ಗಂಟೆ ಕೂಡ ಆಗಿಲ್ಲ. ಒತ್ತಿದೆ. ಅದೂ ಆಗುವುದಿಲ್ಲ ಎಂದಿತು. ದಾರಿಯಲ್ಲಿ ಅಧಿಕಾರಿಗಳು ಪರಿಶೀಲಿಸಿದ ಇ-ವೇ ಬಿಲ್ಲನ್ನು ರದ್ದು ಮಾಡುವ ಹಾಗಿಲ್ಲ.

ಕಾಣಿಯೂರಿನ ಆ ಸಭ್ಯ ಅಧಿಕಾರಿ ನನ್ನನ್ನು ಹೊಗಳಿ, ಬೀಗ ಹಾಕಿ ಹೋಗಿದ್ದರು.

"ಎಂತ ಹೇಳ್ತದೆ?" ಎಂದರು ಧಣಿಗಳು.

"ಆಗುದಿಲ್ಲ ಅಂತ ಹೇಳ್ತದೆ."

"ಬೆಳಿಗ್ಗೆ ಆಗ್ತದೆ ಅಂದಿ."

"ಬೆಳಿಗ್ಗೆ ಆಗ್ತಿತ್ತು ಧಣಿ. ಬೆಳಿಗ್ಗೆ ನೀವು ಬೇಡ ಅಂದಿರಿ."

ಹೇಳಿ ಗೆಲ್ಲುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಗಂಟೆ ಬಡಿಯುವಾಗ ಆ ಒಂದು ರೂಪಾಯಿಯನ್ನು ಬರೆದದ್ದು ನನ್ನ ಬೆರಳೇ, ಐವತ್ತು ಸಾವಿರದ ಮಿತಿ ಗೊತ್ತಿದ್ದದ್ದೂ ನನಗೇ.

ದಾರಿ ಇಲ್ಲವೆಂದಲ್ಲ. ರದ್ದಾಗದ ಬಿಲ್ಲಿಗೆ ಕ್ರೆಡಿಟ್ ನೋಟ್ ಉಂಟು. ವಾಪಸು ಬಂದ ಮಾಲಿನಷ್ಟು ಮೊತ್ತ ಅದರಿಂದ ಇಳಿಯುತ್ತದೆ. ಅದಕ್ಕೂ ಹೊಸ ಐಆರ್‌ಎನ್ ಬೇಕು, ಅಷ್ಟೇ. ಧಣಿಗಳು ತಾವೇ ಅಕ್ಕನಿಗೆ ಫೋನು ಮಾಡಿದರು. ಕೆತ್ತಿದ್ದನ್ನೂ ಸೇರಿಸಿ ಅರವತ್ತೂ ವಾಪಸು ಕಳಿಸು, ಚೊಂಬೂ ಕಳಿಸು, ನಮ್ಮದೇ ಗಾಡಿ ಅಲ್ಲೇ ಉಂಟು, ಎಂದರು.

"ಕೆತ್ತಿದ್ದು ನನ್ನ ಮಾತಿಗೆ ಧಣಿ. ಅದು ನನಗಿರ್ಲಿ," ಎಂದರು ಅಕ್ಕ. "ಉಳಿದ ನಲವತ್ತಮೂರು ತೆಕ್ಕೊಳ್ಳಿ."

ನಲವತ್ತಮೂರು ಜೋಡಿ ಬಾಲ್ದಿ-ಚೊಂಬು ಅದೇ ಪಿಕಪ್ಪಿನಲ್ಲಿ ವಾಪಸು ಬಂತು. ಅದರ ಮೊತ್ತ ಐವತ್ತು ಸಾವಿರಕ್ಕಿಂತ ಎಷ್ಟೋ ಕೆಳಗೆ, ಇ-ವೇ ಬೇಡ. ಸೋಲಿಗೆ ಪರ್ಮಿಟ್ ಬೇಕಾಗಲಿಲ್ಲ. ಕ್ರೆಡಿಟ್ ನೋಟ್ ಮಾಡಿ ಕೊಟ್ಟೆ. ಧಣಿಗಳು ಅದಕ್ಕೆ ಒಂದು ರೂಪಾಯಿ ಸೇರಿಸು ಎನ್ನಲಿಲ್ಲ.

ಪಂಜದಲ್ಲಿ ಆ ಹದಿನೇಳು ಬಾಲ್ದಿಗಳ ಕಥೆ ಬೇರೆಯೇ ಆಯಿತು. ಅಕ್ಕ ಅವುಗಳನ್ನು ಸ್ವಲ್ಪ ಕಡಿಮೆಗೆ ಕೊಟ್ಟರು. ಜನ ಸಂತೋಷದಿಂದ ತೆಗೆದುಕೊಂಡರು. ಒಂದು ತಿಂಗಳೊಳಗೆ ಪಂಜದ ಬಾವಿಕಟ್ಟೆಗಳಲ್ಲಿ, ದನದ ಹಟ್ಟಿಗಳಲ್ಲಿ, ಒಂದು ಚಾದ ಹೋಟೇಲಿನ ಎದುರಿನಲ್ಲಿ ಸುಬ್ರಹ್ಮಣ್ಯದ ಲಾಡ್ಜಿನ ಹೆಸರಿನ ಬಾಲ್ದಿ. ಸುದ್ದಿ ಲಾಡ್ಜಿನ ಯಜಮಾನರ ಕಿವಿಗೂ ಬಿತ್ತು. ಪಂಜದವರು ನಿಮ್ಮ ಬಾಲ್ದಿ ಕದ್ದಿದ್ದಾರೆ ಎಂದು ಯಾರೋ ಹೇಳಿದರಂತೆ. ಅವರು ಜಗಳಕ್ಕೇ ಕಾರು ಹತ್ತಿ ಬಂದರು. ಚಾದ ಹೋಟೇಲಿನ ಎದುರು ತಮ್ಮ ಹೆಸರಿನ ಬಾಲ್ದಿಯಲ್ಲಿ ಎಮ್ಮೆಯೊಂದು ಅಕ್ಕಿ ತೊಳೆದ ಅಕ್ಕಚ್ಚು ಕುಡಿಯುವುದನ್ನು ನೋಡಿ, ಯಾರ ಹತ್ತಿರ ಕೊಂಡದ್ದು ಎಂದು ವಿಚಾರಿಸಿಕೊಂಡು ಅಕ್ಕನ ಅಂಗಡಿ ಹತ್ತಿದರು.

ಅಕ್ಕ ಬಿಲ್ಲು ತೋರಿಸಿದರು. ಕುರ್ಚಿ ಕೊಟ್ಟರು. ಬೆಲ್ಲದ ಕಾಫಿ ಕೊಟ್ಟರು. ಮಾತಿಗೆ ಮಾತು ಬಂದು ತಿಳಿದದ್ದೇನೆಂದರೆ, ಮಂಗಳೂರಿನಿಂದ ತಂದ ಬಾಲ್ದಿಗಳಿಗೆ ಹೆಸರು ಕೆತ್ತಿಸಲು ಪುರುಸೊತ್ತಾಗಿರಲಿಲ್ಲ, ಬಂದ ಯಾತ್ರಿಕರು ಒಂದೊಂದೇ ಎತ್ತಿಕೊಂಡು ಹೋಗಿ ಅರವತ್ತರಲ್ಲಿ ಅರ್ಧಕ್ಕರ್ಧ ಇರಲಿಲ್ಲ. ಹೆಸರು ಕೆತ್ತಿದ್ದನ್ನು ಯಾರೂ ಬಸ್ಸಿನಲ್ಲಿ ಹಿಡಿದುಕೊಂಡು ಹೋಗುವುದಿಲ್ಲ. ಯಜಮಾನರು ಅಲ್ಲೇ ಕೂತು ಅರವತ್ತು ಬಾಲ್ದಿಗೆ ಆರ್ಡರು ಕೊಟ್ಟರು. ಅವರ ತಮ್ಮನದು ಇನ್ನೊಂದು ಲಾಡ್ಜು, ಅದಕ್ಕೂ ನಲವತ್ತು.

ಇದನ್ನೆಲ್ಲ ಅಕ್ಕನೇ ನನಗೆ ಫೋನು ಮಾಡಿ ಹೇಳಿದರು. ನಾನು ನಗುತ್ತಾ ಕೇಳಿ, ಆರ್ಡರು ಬರೆದುಕೊಳ್ಳಲು ಪೆನ್ನು ಹಿಡಿದುಕೊಂಡು, "ಒಟ್ಟು ನೂರಾ? ಯಾವಾಗ ಕಳಿಸ್ಬೇಕು ಅಕ್ಕ?" ಎಂದೆ.

ಅಕ್ಕ ದನಿ ತಗ್ಗಿಸಿದರು. "ಮಾಲು ಸುಳ್ಯದ ಹೋಲ್‌ಸೇಲ್ ಅಂಗಡಿಯಿಂದ ಬಂದು ಆಯ್ತು ಮಾರಾಯ್ತಿ. ಬೆಳಿಗ್ಗೆ ಹೇಳಿದ್ದು, ಮಧ್ಯಾಹ್ನದೊಳಗೆ ಮುಟ್ಟಿತು. ನಿಮಗೆ ಬೇರೆ ಯಾರೋ ಹೇಳುದಕ್ಕಿಂತ ನಾನೇ ಹೇಳುವ ಅಂತ ಫೋನು ಮಾಡಿದ್ದು. ಧಣಿಗಳಿಗೆ ಬೇಜಾರು ಮಾಡ್ಬೇಡಿ ಅಂತ ಹೇಳಿ."

ಪೆನ್ನು ಕೆಳಗಿಟ್ಟೆ. ಧಣಿಗಳು ಪತ್ರಿಕೆಯ ಆಚೆಯಿಂದ ನನ್ನನ್ನೇ ನೋಡುತ್ತಿದ್ದರು. ಮುಚ್ಚಿಟ್ಟು ಪ್ರಯೋಜನವಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕನ ಕೈ ಹಿಡಿದ ಕೆಲಸ ಆಗಿಯೇ ಆಗುತ್ತದೆ ಎಂದು ಅವರು ಸುತ್ತಮುತ್ತ ಹೇಳಿಕೊಂಡು ಬಂದದ್ದು ನಿಜವಾಗಿತ್ತು. ಕೈ ನಮ್ಮ ಅಂಗಡಿಯಿಂದ ಸುಳ್ಯಕ್ಕೆ ಹೋಗಿತ್ತು, ಅಷ್ಟೇ.

"ಸುಳ್ಯದವ ಇ-ವೇ ಮಾಡಿದ್ನಾ?" ಎಂದು ಕೇಳಿದರು ಧಣಿಗಳು.

"ನೂರು ಬಾಲ್ದಿ ಅಂದ್ರೆ ಮಾಡ್ಲೇಬೇಕಲ್ಲ ಧಣಿ."

"ಲೋಡು ಮಾಡುವ ಮೊದಲಾ, ಆಮೇಲೆಯಾ?"

"ಮೊದಲೇ ಮಾಡಿರ್ತಾನೆ. ಎರಡು ನಿಮಿಷದ ಕೆಲಸ."

ಅವರು ಪತ್ರಿಕೆ ಮಡಚಿ ಪಕ್ಕಕ್ಕಿಟ್ಟರು. ಆ ದಿನ ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಮೂರು ಗಂಟೆಗೆ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, "ಅದು ಮಾಡುದು ಹೇಗೆ ಅಂತ ನನಗೂ ತೋರಿಸು," ಎಂದರು.